ಮರಿಯ ವಯಸ್ಸು ಮತ್ತು ಆ್ಯಪ್‌ನ ಲೆಕ್ಕ

ಮಾನ್ಯರೇ,

ಮೊದಲ ಬಾರಿಗೆ ನಾಯಿ ಸಾಕುತ್ತಿರುವವರು ಮರಿಯ ಲಸಿಕೆ, ಊಟಗಳ ಲೆಕ್ಕ ಇಡುವ ಮೊಬೈಲ್ ಆ್ಯಪ್‌ನಲ್ಲಿ ಲಸಿಕೆಯ ಮೂರು ಡೋಸ್‌ಗಳ ಎದುರೂ ಹಸಿರು ಗುರುತು ಕಂಡೊಡನೆ ನಿಶ್ಚಿಂತರಾಗುತ್ತಾರೆ. ಆ ಗುರುತು ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಇಂದು ತಮ್ಮ ಮುಂದಿಡುತ್ತೇನೆ.

ಮಾರ್ಚ್ 1ರಂದು ಹುಟ್ಟಿದ ಒಂದು ಮರಿಯನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಆರು ವಾರ ತುಂಬಿದ ಏಪ್ರಿಲ್ 12ರಂದು ಅದಕ್ಕೆ ಪಾರ್ವೊ ಮತ್ತು ಡಿಸ್ಟೆಂಪರ್ ಕಾಯಿಲೆಗಳನ್ನು ತಡೆಯುವ ಸಂಯುಕ್ತ ಲಸಿಕೆಯ ಮೊದಲ ಡೋಸ್ ಬಿತ್ತು. ನಾಲ್ಕು ವಾರಗಳ ಅಂತರವನ್ನು ಹಿಡಿದ ಆ್ಯಪ್, ಮೇ 10 ಮತ್ತು ಜೂನ್ 7ರ ದಿನಾಂಕಗಳನ್ನು ನೆನಪಿಸಿ, ಮೂರನೆಯದು ಮುಗಿದಾಗ ‘ಪೂರ್ಣ’ ಎಂದು ತೋರಿಸಿತು. ಆದರೆ ಜೂನ್ 7ಕ್ಕೆ ಮರಿಗೆ ತುಂಬಿದ್ದು 14 ವಾರ ಮಾತ್ರ. ತಾಯಿಯ ಗಿಣ್ಣುಹಾಲಿನಿಂದ ಬಂದ ಪ್ರತಿಕಾಯಗಳು ಮರಿಯ ರಕ್ತದಲ್ಲಿ ಉಳಿದಿರುವಷ್ಟು ಕಾಲ ಲಸಿಕೆಯನ್ನು ನಿಷ್ಫಲಗೊಳಿಸಬಲ್ಲವು, ಮತ್ತು ಅವು ಯಾವಾಗ ಇಳಿಯುತ್ತವೆ ಎಂಬುದು ಮರಿಯಿಂದ ಮರಿಗೆ ಬೇರೆಯಾಗಿರುತ್ತದೆ. ಆದ್ದರಿಂದಲೇ ಈ ಸರಣಿಯ ಕೊನೆಯ ಡೋಸ್ 16 ವಾರ ತುಂಬಿದ ಮೇಲೆ, ಅಂದರೆ ಇಲ್ಲಿ ಜೂನ್ 21 ಅಥವಾ ಆನಂತರ, ಬೀಳಬೇಕು. ಹಿಂದಿನ ಡೋಸ್‌ನಿಂದ ನಾಲ್ಕು ವಾರ ಬಿಟ್ಟು ಜುಲೈ 5ರಂದು ಇನ್ನೊಂದನ್ನು ಹಾಕಿಸಿದರೆ ಲೆಕ್ಕ ಸರಿಹೋಗುತ್ತದೆ. ಡೋಸ್‌ಗಳ ಸಂಖ್ಯೆಗಿಂತ ಕೊನೆಯ ಡೋಸ್ ಬಿದ್ದ ದಿನದ ವಯಸ್ಸೇ ಇಲ್ಲಿ ಮುಖ್ಯ.

ಹೀಗಾಗಿ ಆ್ಯಪ್‌ಗೆ ಕೊಡುವ ಜನ್ಮದಿನಾಂಕವೇ ಎಲ್ಲಕ್ಕೂ ಬುನಾದಿ. ಮಾರಿದವರು ಎರಡು ವಾರ ಹೆಚ್ಚು ವಯಸ್ಸು ಹೇಳಿದ್ದರೆ ಅಲ್ಲಿಂದ ಮುಂದಿನ ಲೆಕ್ಕವೆಲ್ಲ ತಪ್ಪುತ್ತದೆ. ಪಶುವೈದ್ಯರು ಹಲ್ಲು ನೋಡಿ ಅಂದಾಜಿಸಿದ ವಯಸ್ಸನ್ನೇ ನಮೂದಿಸುವುದು ಕ್ಷೇಮ. ಲಸಿಕೆಯ ಬಾಟಲಿಯಿಂದ ತೆಗೆದು ಲಸಿಕೆ ಪುಸ್ತಕಕ್ಕೆ ಅಂಟಿಸುವ ಚೀಟಿಯ ಫೋಟೊವನ್ನೂ ಆ್ಯಪ್‌ನಲ್ಲಿ ಸೇರಿಸಿಡಿ. ಬ್ಯಾಚ್ ಸಂಖ್ಯೆ ಇರುವುದು ಅದರಲ್ಲೇ. ರೇಬೀಸ್ ಲಸಿಕೆಯನ್ನು ಸಾಮಾನ್ಯವಾಗಿ 12 ವಾರ ತುಂಬಿದ ಮೇಲೆ ಹಾಕುವುದರಿಂದ ಅದಕ್ಕೆ ಪ್ರತ್ಯೇಕ ನಮೂದು ಬೇಕು.

ಆಹಾರದ ವಿಷಯದಲ್ಲಿ ಆಗುವ ತಪ್ಪು ಬೇರೆ ಬಗೆಯದು. ಆಹಾರದ ಪ್ಯಾಕೆಟ್ಟಿನ ಮೇಲೆ ಮುದ್ರಿಸಿರುವ ಅಳತೆ ಸಾಮಾನ್ಯವಾಗಿ ಇಡೀ ದಿನದ್ದು. 160 ಗ್ರಾಂ ಎಂದಿದ್ದರೆ, ನಾಲ್ಕು ಹೊತ್ತು ಉಣ್ಣುವ ಮರಿಗೆ ಹೊತ್ತಿಗೆ 40 ಗ್ರಾಂ. ಅದನ್ನು ಒಂದು ಹೊತ್ತಿನದೆಂದು ನಮೂದಿಸಿದರೆ, ಅಥವಾ ಅಜ್ಜಿ ಉಣಿಸಿದ್ದನ್ನು ಮೊಮ್ಮಗ ಅರಿಯದೆ ಮತ್ತೆ ಉಣಿಸಿದರೆ, ಮರಿಗೆ ಭೇದಿ ಆಗಬಹುದು. ಮನೆಯವರೆಲ್ಲರೂ ಒಂದೇ ಖಾತೆಯಲ್ಲಿ ಗುರುತು ಹಾಕುವಂತಿದ್ದರೆ ಮಾತ್ರ ಆ್ಯಪ್‌ನಲ್ಲಿ ಊಟ ನಮೂದಿಸುವ ಸೌಲಭ್ಯದಿಂದ ನಿಜವಾದ ಪ್ರಯೋಜನವಿದೆ ಎಂಬುದು ನನ್ನ ಅಭಿಪ್ರಾಯ.

ಆ ನಮೂದುಗಳು ಪಶುವೈದ್ಯರ ಮುಂದೆ ಕುಳಿತಾಗ ನೆರವಿಗೆ ಬರುತ್ತವೆ. ಕೊನೆಯ ಊಟ ಯಾವಾಗ, ವಾಂತಿ ಎಷ್ಟು ಸಲ, ಹೋದ ವಾರ ತೂಕ ಎಷ್ಟಿತ್ತು ಎಂದು ಅವರು ಕೇಳಿದರೆ ಗಾಬರಿಯಲ್ಲಿ ನೆನಪು ಕೈಕೊಡುತ್ತದೆ, ನಮೂದು ಕೈಕೊಡುವುದಿಲ್ಲ. ಆದರೆ ಮರಿ ಊಟ ಬಿಟ್ಟು, ವಾಂತಿಯ ಜೊತೆ ರಕ್ತಭೇದಿಯೂ ಕಂಡರೆ ಅದು ಪಾರ್ವೊ ಇರಬಹುದು. ಆಗ ಆ್ಯಪ್‌ನಲ್ಲಿ ಲಸಿಕೆ ‘ಪೂರ್ಣ’ ಎಂದಿದ್ದರೂ ಮುಂದಿನ ಭೇಟಿಯ ದಿನಾಂಕಕ್ಕೆ ಕಾಯದೆ, ಅಂದೇ, ಲಸಿಕೆ ಪುಸ್ತಕದೊಂದಿಗೆ ಆಸ್ಪತ್ರೆಗೆ ಹೊರಡಬೇಕು.