ತುರ್ತು ಅರ್ಜಿಯಲ್ಲಿ ತಾರೀಖು ಎಲ್ಲಿದೆ?

ಶ್ರೋತೃಗಳಿಗೆ ನಮಸ್ಕಾರ. ಕಾಲೇಜು ಪ್ರವೇಶಕ್ಕೆ ಜಾತಿ, ಆದಾಯ ಪ್ರಮಾಣಪತ್ರ ಬೇಕು ಅಂತ ಓಡಾಡುತ್ತಿರುವ ಮಕ್ಕಳಿಗೆ, ಅವರ ಅಪ್ಪ ಅಮ್ಮಂದಿರಿಗೆ ನಾನು ಹೇಳುವುದು ಒಂದೇ ಮಾತು: ತಹಶೀಲ್ದಾರರಿಗೆ ಬರೆಯುವ ಮನವಿಯಲ್ಲಿ ಕೊನೆಯ ದಿನಾಂಕ ಬರೆಯಿರಿ.

ನಾಡಕಚೇರಿಯಲ್ಲಿ ಹಾಕಿದ ಅರ್ಜಿ ಗ್ರಾಮ ಆಡಳಿತ ಅಧಿಕಾರಿಯ ಹತ್ತಿರ ಹೋಗಿ, ಕಂದಾಯ ನಿರೀಕ್ಷಕರನ್ನು ದಾಟಿ ತಹಶೀಲ್ದಾರರ ಸಹಿಗೆ ಬರುತ್ತದೆ. ಸಕಾಲದ ಗಡುವಿನೊಳಗೆ ಕೊಡಬೇಕು, ನಿಜ. ಆದರೆ ನಿಮ್ಮ ಕಾಲೇಜಿನ ಗಡುವು ಅದಕ್ಕಿಂತ ಮುಂಚೆ ಇದ್ದರೆ? ಅದು ನೀವು ಹೇಳದೆ ಆ ಮೂವರಲ್ಲಿ ಯಾರಿಗೂ ಗೊತ್ತಾಗುವುದಿಲ್ಲ.

ನಾನು ಕಂದಾಯ ಇಲಾಖೆಯಲ್ಲಿದ್ದಾಗ ರೈತರೊಬ್ಬರು ಮಗಳಿಗಾಗಿ ಎರಡು ಪುಟದ ಮನವಿ ತಂದಿದ್ದರು. ಮಳೆ ಕೈಕೊಟ್ಟದ್ದು, ಬೋರು ಬತ್ತಿದ್ದು, ಸೊಸೈಟಿ ಸಾಲ, ದೊಡ್ಡ ಮಗನ ಮದುವೆ ಎಲ್ಲ ಇತ್ತು. ಕೊನೆಗೆ 'ದಯವಿಟ್ಟು ತುರ್ತಾಗಿ ಕೊಡಿಸಿ.' ಮೇಜಿನ ಮೇಲಿದ್ದ ಮನವಿಗಳಲ್ಲಿ ತುರ್ತು ಅಂತ ಬರೆಯದ್ದು ಒಂದೂ ಇರಲಿಲ್ಲ! 'ಯಾವತ್ತಿಗೆ ಬೇಕು ಯಜಮಾನರೇ?' ಅಂದೆ. 'ಬರೋ ಸೋಮವಾರ ಕೊನೇ ದಿನ ಸಾ' ಅಂತ ಜೇಬಿನಿಂದ ನಾಲ್ಕು ಮಡಿಕೆಯ ಹಾಳೆ ತೆಗೆದರು. ಕಾಲೇಜಿನ ಸೂಚನೆ! ಅದು ಅರ್ಜಿಗೆ ಲಗತ್ತಾಗುವುದು ಬಿಟ್ಟು ಜೇಬಿನಲ್ಲಿ ಬೆವರು ಕುಡಿಯುತ್ತಿತ್ತು. ಅಲ್ಲೇ ಕೂರಿಸಿ ಮತ್ತೆ ಬರೆಸಿದೆ: 'ವಿಷಯ: ಸೋಮವಾರದೊಳಗೆ ಜಾತಿ ಮತ್ತು ಆದಾಯ ಪ್ರಮಾಣಪತ್ರ ನೀಡುವ ಬಗ್ಗೆ. ನನ್ನ ಮಗಳು ಪದವಿ ಪ್ರವೇಶಕ್ಕೆ ಆಯ್ಕೆಯಾಗಿದ್ದು, ಅಂದೇ ದಾಖಲೆ ಸಲ್ಲಿಸಬೇಕಿದೆ. ಕಾಲೇಜಿನ ಸೂಚನೆ ಲಗತ್ತಿಸಿದೆ. ನಾಡಕಚೇರಿ ಅರ್ಜಿ ಸಂಖ್ಯೆ ಇಂಥದ್ದು.' ಸೋಮವಾರದ ಮುಂದೆ ತಾರೀಖು, ಕೆಳಗೆ ಮೊಬೈಲ್ ನಂಬರು, ಸಹಿ. ಮುಗಿಯಿತು. ಬೋರು ಬತ್ತಿದ್ದು ಬೇಡವೇ ಬೇಡ. ಆ ಮನವಿ ಹಿಡಿದು ಗ್ರಾಮ ಲೆಕ್ಕಿಗರಿಗೆ, ಅಂದರೆ ಈಗಿನ ಗ್ರಾಮ ಆಡಳಿತ ಅಧಿಕಾರಿಗೆ, ಫೋನು ಮಾಡುವುದು ನಮಗೂ ಸುಲಭವಾಯಿತು. ಮಗಳಿಗೆ ಶನಿವಾರವೇ ಪ್ರಮಾಣಪತ್ರ ಸಿಕ್ಕಿತು.

ಸಮಯವಾಯಿತು ಅಂತ ಗಾಜಿನ ಆಚೆಯಿಂದ ಸನ್ನೆ ಬರುತ್ತಿದೆ. ದಾಖಲೆಗಳನ್ನು ಬೇಗ ಹೇಳಿಬಿಡುತ್ತೇನೆ. ಆಧಾರ್, ಪಡಿತರ ಚೀಟಿ, ವಿದ್ಯಾರ್ಥಿಯ ಶಾಲಾ ದಾಖಲೆ ಇರಲಿ. ಜಾತಿಗೆ ತಂದೆಯದೋ ಒಡಹುಟ್ಟಿದವರದೋ ಹಳೆಯ ಪ್ರಮಾಣಪತ್ರವಿದ್ದರೆ ಪರಿಶೀಲನೆ ಹಗುರ. ಆದಾಯಕ್ಕೆ ನೌಕರರಾದರೆ ವೇತನ ಪತ್ರ, ಜಮೀನಿದ್ದರೆ ಪಹಣಿ. ಎಲ್ಲದರ ಮೇಲೆ ಕಾಲೇಜಿನ ಸೂಚನೆ, ಅದರಲ್ಲಿ ಕೊನೆಯ ದಿನಾಂಕಕ್ಕೆ ಪೆನ್ನಿನಲ್ಲಿ ಒಂದು ಗೆರೆ.

ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದ ಹಾಗೇ ಇರಬೇಕು, ಇನಿಷಿಯಲ್ ಸಮೇತ. ಪ್ರಮಾಣಪತ್ರ ಕೈಗೆ ಬಂದ ತಕ್ಷಣ ಕಚೇರಿಯಿಂದ ಹೊರಡುವ ಮೊದಲೇ ಹೆಸರು, ಜಾತಿ, ಆರ್‌ಡಿ ಸಂಖ್ಯೆ ಓದಿ ನೋಡಿ. ಸೀಟಿನ ಅರ್ಜಿಯಲ್ಲಿ ಆ ಆರ್‌ಡಿ ಸಂಖ್ಯೆಯನ್ನೇ ಕೇಳುತ್ತಾರೆ. ನಮಸ್ಕಾರ.