ಒಂಟೆಯ ಬಾಯಿಗೆ ಜೀರಿಗೆ

ಕೇಳುಗರಿಗೆ ನಮಸ್ಕಾರ.

ಒಂದು ರೈತರ ಸಭೆ. ಹಿಂದಿಯಲ್ಲಿ ಮಾತಾಡುವ ಮಣ್ಣುವಿಜ್ಞಾನಿ, ಮುಂದೆ ಭತ್ತ ಬೆಳೆಯುವವರು, ನಡುವೆ ಮಾತು ಅನುವಾದಿಸಲು ನಾನು. ಅವರು ಎರಡು ಮೂರು ನಿಮಿಷ ಮಾತಾಡಿ ನಿಲ್ಲಿಸುತ್ತಾರೆ. ಆಮೇಲೆ ನಾನು ಅದನ್ನು ಕನ್ನಡದಲ್ಲಿ ಹೇಳಬೇಕು. ಅವರು "ನಾನು ಗದ್ದೆ ನೋಡಿದೆ" ಎಂದರೆ ನಾನೂ "ನಾನು ಗದ್ದೆ ನೋಡಿದೆ" ಎನ್ನಬೇಕು. "ಅವರು ನೋಡಿದರಂತೆ" ಎನ್ನಬಾರದು.

ಅವತ್ತು ನಾನು ಕಿವಿಗೆ ಬಿದ್ದದ್ದನ್ನೆಲ್ಲ ಬರೆದುಕೊಳ್ಳಲು ಹೋದೆ. ಕೈ ಓಡುತ್ತಿದ್ದಾಗ ಕಿವಿ ಮುಚ್ಚಿಹೋಯಿತು. ಪುಟದಲ್ಲಿ ಯೂರಿಯಾ, ಹಸಿರು, ಜಿಗಿಹುಳು, ಇಳುವರಿ ಎಲ್ಲ ಇತ್ತು. ಯಾವುದರಿಂದ ಯಾವುದಾಯಿತು ಅನ್ನೋದೇ ಇರಲಿಲ್ಲ. "ಯೂರಿಯಾ ಜಾಸ್ತಿ ಹಾಕಿದರೆ ಪೈರು ಹಚ್ಚಗಾಗುತ್ತದೆ" ಎಂದು ಹೇಳಿ ತಡವರಿಸಿದೆ. ಹಿಂದಿನಿಂದ ಒಬ್ಬರು ಕೇಳಿದರು, "ಹಂಗಾರೆ ಇನ್ನೊಂದು ಮೂಟೆ ಹಾಕಣ ಅಂತೀರಾ?" ವಿಜ್ಞಾನಿ ಹೇಳಿದ್ದು ಅದಕ್ಕೆ ಪೂರ್ತಿ ಉಲ್ಟಾ. ನಾನು ಕಳೆದುಕೊಂಡಿದ್ದು ಒಂದೇ ಒಂದು "ಆದರೆ".

ಈಗ ನಾನು ಪುಟದ ಎಡಕ್ಕೆ ಗೆರೆ ಎಳೆದು ಎರಡು ಬೆರಳು ಜಾಗ ಬಿಡುತ್ತೇನೆ. ಆ ಜಾಗ "ಆದರೆ", "ಯಾಕಂದ್ರೆ", "ಹಾಗಾಗಿ" ಇವುಗಳಿಗೆ ಮಾತ್ರ. ಅವತ್ತಿನ ಮಾತನ್ನು ಇವತ್ತು ಬರೆದರೆ ಹೀಗಿರುತ್ತದೆ: "ಯೂ" ಅಕ್ಷರ, ಪಕ್ಕದಲ್ಲಿ ಮೇಲೆ ಹೋಗುವ ಬಾಣ, ಅದರ ಕೆಳಗೆ ಒಂದು ಎಲೆ. ಎಡಗಡೆ "ಆದರೆ". ಅದರ ಎದುರಿಗೆ ಒಂದು ಹುಳು, ಒರಗಿದ ಒಂದು ಗೆರೆ. ಅಂದರೆ ಪೈರು ಸೊಂಪಾಗುತ್ತದೆ, ಆದರೆ ಜಿಗಿಹುಳು ಬರುತ್ತದೆ, ಪೈರು ನೆಲಕ್ಕೆ ಒರಗುತ್ತದೆ. ಎಡಗಡೆ "ಹಾಗಾಗಿ", ಎದುರಿಗೆ "ಮಣ್ಣು?". ಮೊದಲು ಮಣ್ಣು ಪರೀಕ್ಷೆ ಮಾಡಿಸಿ ಅಂತ. ಒಂದು ವಿಚಾರ ಮುಗಿದಲ್ಲಿ ಅಡ್ಡಗೆರೆ. ಅಂಕಿ, ಊರು, ಹೆಸರುಗಳನ್ನು ಮಾತ್ರ ಬಂದ ಕ್ಷಣವೇ ಬರೆಯಬೇಕು. ಅವು ತಲೆಯಲ್ಲಿ ನಿಲ್ಲುವುದಿಲ್ಲ. ತಪ್ಪಿಹೋದರೆ ಊಹಿಸಬಾರದು, ಭಾಷಣಕಾರರನ್ನೇ ಕೇಳಬೇಕು.

ಉಳಿದದ್ದು ನೆನಪಿನ ಕೆಲಸ. ಮೂರು ನಿಮಿಷದ ಮಾತಿನಲ್ಲಿ ಮುನ್ನೂರು ಪದ ಇರಬಹುದು, ಸಂಗತಿ ಇರುವುದು ಮೂರೋ ನಾಲ್ಕೋ. ಏನು ಮಾಡಿದರು, ಏನಾಯಿತು, ಈಗೇನು ಮಾಡಬೇಕು. ಕೇಳುವಾಗಲೇ ಹೀಗೆ ಗಂಟು ಕಟ್ಟಿಕೊಂಡರೆ ಒಂದು ಗಂಟು ಬಿಚ್ಚಿದಾಗ ಒಳಗಿನದ್ದೆಲ್ಲ ಬರುತ್ತದೆ.

ಅವತ್ತು ಮಾತಿನ ನಡುವೆ ವಿಜ್ಞಾನಿ ಅಂದರು, ನಾವು ಹಾಕುವ ಕೊಟ್ಟಿಗೆ ಗೊಬ್ಬರ "ಊಂಟ್ ಕೆ ಮುಹ್ ಮೆ ಜೀರಾ". ಒಂಟೆಯ ಬಾಯಿಗೆ ಜೀರಿಗೆ. ಹಾಗೇ ಹೇಳಿದ್ದರೆ ಜನ ಗೊಬ್ಬರ ಬಿಟ್ಟು ಒಂಟೆಯ ಬಗ್ಗೆ ಯೋಚಿಸುತ್ತಿದ್ದರು, ಅಲ್ವಾ? ನಾನು "ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ" ಎಂದೆ. ತಲೆಗಳು ಅಲ್ಲಾಡಿದವು. ಒಂಟೆ ಹೋಯಿತು, ಜೀರಿಗೆ ಹೋಯಿತು, ಸಾಲದು ಅನ್ನುವುದು ಉಳಿಯಿತು.

ಕಲಿಯಬೇಕೆನ್ನುವವರು ಪೆನ್ನು ಆಮೇಲೆ ಹಿಡಿಯಲಿ. ಮೊದಲು ರೇಡಿಯೋ ವಾರ್ತೆಯಲ್ಲಿ ಒಂದು ಸುದ್ದಿ ಕೇಳಿ, ಆಫ್ ಮಾಡಿ, ಅದನ್ನು ಮನೆಯವರಿಗೆ ಹೇಳಿ. ಎಲ್ಲಿ ತಡವರಿಸುತ್ತೀರೋ ಗಮನಿಸಿ. ನೋಟ್ಸ್ ಬೇಕಾಗುವುದು ಆ ಜಾಗಕ್ಕೆ ಮಾತ್ರ.