ಇಬ್ಬರ ನಡುವೆ ಒಂದು ಪ್ರಶ್ನೆ

ಕೇಳುಗರೇ, ನಮಸ್ಕಾರ.

ಮದುವೆಮನೆಯಲ್ಲಿ ಇಬ್ಬರು ಅಪರಿಚಿತರನ್ನು ಎದುರುಬದುರು ನಿಲ್ಲಿಸಿ, ‘ಇವರು ಪ್ರೊಫೆಸರ್, ಇವರು ತೋಟದವರು, ಮಾತನಾಡುತ್ತಿರಿ’ ಎಂದು ಹೇಳಿ ನಾವು ಊಟದ ಪಂಕ್ತಿಯ ಕಡೆಗೆ ಓಡುತ್ತೇವೆ. ಹುದ್ದೆ ಕೇಳಿದರೆ ಗೌರವ ಹುಟ್ಟುತ್ತದೆ, ಮಾತು ಹುಟ್ಟುವುದಿಲ್ಲ. ಆಮೇಲೆ ಉಳಿಯುವುದು ‘ಯಾವ ಊರು, ಯಾರ ಪೈಕಿ’ ಎಂಬ ವಿಚಾರಣೆ. ಅದು ಜಾತಿಯತ್ತ ಹೊರಳುವುದನ್ನು ಕಂಡು ಎಷ್ಟೋ ಜನ ಮುದುಡಿಕೊಳ್ಳುತ್ತಾರೆ. ನನಗಂತೂ ಅದು ಬಹಳ ನೋವಿನ ಸಂಗತಿ.

ಪರಿಚಯ ಮಾಡಿಸುವವರು ಇಬ್ಬರ ಕೈಗೂ ಒಂದು ವಿಷಯವನ್ನು ಕೊಡಬೇಕು. ಅದರಲ್ಲಿ ಅರ್ಧ ಒಬ್ಬರಿಗೆ ಗೊತ್ತಿರಬೇಕು, ಉಳಿದರ್ಧ ಇನ್ನೊಬ್ಬರಿಗೆ.

ಶಿರಸಿಯ ಕಡೆ ನಮ್ಮ ಮನೆಯ ಗೃಹಪ್ರವೇಶಕ್ಕೆ ಮಂಡ್ಯದಿಂದ ನನ್ನ ಸಹೋದ್ಯೋಗಿ ಬಂದಿದ್ದರು. ಅವರು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವರು. ನಮ್ಮ ದೊಡ್ಡಪ್ಪ ಅಡಿಕೆ ಬೆಳೆಗಾರರು. ಮೊದಲು ಹಿರಿಯರಿಗೆ ತಿಳಿಸಿದೆ: “ದೊಡ್ಡಪ್ಪ, ಇವರು ನನ್ನ ಜೊತೆ ಪಾಠ ಮಾಡುವ ಮೇಡಂ, ರಸಾಯನಶಾಸ್ತ್ರದವರು.” ಆಮೇಲೆ ಅವರತ್ತ ತಿರುಗಿ, “ಮೇಡಂ, ಅಡಿಕೆಯ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಬೆರೆಸಿದ ಮೇಲೆ ದೊಡ್ಡಪ್ಪ ಅದರಲ್ಲಿ ಕತ್ತಿ ಅದ್ದಿ ನೋಡುತ್ತಾರೆ. ಏಕೆಂದು ಅವರನ್ನೇ ಕೇಳಿ” ಎಂದೆ.

ದೊಡ್ಡಪ್ಪ ಶುರು ಮಾಡಿದರು. ಒಂದು ಕಿಲೊ ಮೈಲುತುತ್ತ, ಒಂದು ಕಿಲೊ ಸುಣ್ಣ, ಒಟ್ಟು 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆಯಾಗಿ ಕಲಸಿಕೊಂಡು ಆಮೇಲೆ ಕೂಡಿಸಬೇಕು. ಅದ್ದಿದ ಕತ್ತಿಯ ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಸಾಲದು ಎಂದು ಅರ್ಥ. ಮೇಡಂ ಕಣ್ಣರಳಿಸಿ, ಆ ಕೆಂಪು ತಾಮ್ರವೇ ಎಂದರು: ಕಬ್ಬಿಣ ಕರಗಿ ದ್ರಾವಣಕ್ಕೆ ಇಳಿಯುತ್ತದೆ, ಮೈಲುತುತ್ತದಿಂದ ಕರಗಿದ್ದ ತಾಮ್ರ ಅಲಗಿಗೆ ಬಂದು ಅಂಟುತ್ತದೆ, ಅಷ್ಟು ತಾಮ್ರ ಹಾಗೇ ಉಳಿದರೆ ಬೆಳೆ ಸುಡುತ್ತದೆ. ಆಗ ದೊಡ್ಡಪ್ಪ, “ಹಾಗಾದರೆ ಹಳೆಯ ಸುಣ್ಣ ಹಾಕಿದರೆ ಯಾಕಮ್ಮಾ ಕೆಲಸ ಮಾಡುವುದಿಲ್ಲ?” ಎಂದು ಕೇಳಿದರು. ಗಾಳಿಗೆ ತೆರೆದಿಟ್ಟ ಸುಣ್ಣ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣಕಲ್ಲಿನ ಪುಡಿಯಾಗುತ್ತದೆ ಎಂಬ ವಿವರಣೆ ಹೊರಟಿತು.

ಆ ಎರಡನೆಯ ಪ್ರಶ್ನೆಗೇ ನಾನು ಕಾದಿದ್ದೆ. ಅದು ನನ್ನ ಮುಖ ನೋಡದೆ ಬಂದಿತ್ತು. ಕತ್ತಿಯ ಕಾರಣ ನನಗೆ ಗೊತ್ತಿದ್ದರೂ ಹೇಳದೆ ಇದ್ದದ್ದು ಅದಕ್ಕಾಗಿಯೇ; ಉತ್ತರವನ್ನು ನಾವೇ ಹೇಳಿಬಿಟ್ಟರೆ ಅವರಿಗೆ ತಲೆಯಾಡಿಸುವ ಕೆಲಸವಷ್ಟೇ ಉಳಿಯುತ್ತದೆ.

ಆದರೆ ವಿಷಯ ಉಪಕಾರದ ಕೋರಿಕೆಯಾಗಬಾರದು. ವೈದ್ಯರ ಮುಂದೆ ಮೊಣಕಾಲು ನೋವಿನವರನ್ನು, ಬ್ಯಾಂಕಿನವರ ಮುಂದೆ ಸಾಲ ಬೇಕಾದವರನ್ನು ತಂದು ನಿಲ್ಲಿಸಿದರೆ ಒಬ್ಬರಿಗೆ ಅದು ರಜೆಯ ದಿನದ ಕಚೇರಿ ಕೆಲಸ. ಇನ್ನು, ಒಂದು ಉತ್ತರ ಮುಗಿದೊಡನೆ ಇಬ್ಬರೂ ನಿಮ್ಮತ್ತ ನೋಡಿದರೆ ಆ ಎಳೆ ಹಿಡಿಯಲಿಲ್ಲ ಎಂದು ತಿಳಿಯಿರಿ. ಇನ್ನೊಂದನ್ನು ಕೊಡಿ, ಅಲ್ಲಿಯವರೆಗೆ ಅಲ್ಲೇ ನಿಂತಿರಿ.

ನಮಸ್ಕಾರ.